ಹಳೆ ಕಾರಿಗೆ ವಾರಂಟಿ: ದುಡ್ಡು ಕೊಡುವ ಮೊದಲು

ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರ ಕುದುರಿ, ಇನ್ನೇನು ಅಡ್ವಾನ್ಸ್ ಕೊಡಬೇಕು ಎನ್ನುವಾಗ ಮಾರುವವರು ಮತ್ತೊಂದು ಕಾಗದ ಮುಂದಿಡುತ್ತಾರೆ: ಒಂದು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ. ಬ್ರೋಷರ್ ಬದಿಗಿಟ್ಟು ಪೂರ್ತಿ ಕರಾರುಪತ್ರ ಕೇಳಬೇಕು. ಕೊಡಲು ಹಿಂಜರಿದರೆ ವಾರಂಟಿಯ ಮಾತು ಅಲ್ಲಿಗೇ ನಿಲ್ಲಿಸಬಹುದು.

ಮೊದಲ ಕೆಲಸ, ಕಾರು ತಯಾರಿಸಿದ ಕಂಪನಿಯ ವಾರಂಟಿ ಇನ್ನೂ ಉಳಿದಿದೆಯೇ ಎಂದು ನೋಡುವುದು. ಚಾಸಿ ನಂಬರ್ ಕೊಟ್ಟರೆ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ಅದು ಕಾರಿನ ಜೊತೆಗೇ ಹೊಸ ಮಾಲೀಕರಿಗೆ ಬರುತ್ತದೆ, ಆದರೆ ಆರ್‌ಸಿಯಲ್ಲಿ ಹೆಸರು ಬದಲಾದದ್ದನ್ನು ಕಂಪನಿಗೆ ತಿಳಿಸಬೇಕಾಗಬಹುದು. ಅದು ಇನ್ನೂ ಒಂದು ವರ್ಷ ಇದ್ದರೆ ಮತ್ತೊಂದಕ್ಕೆ ದುಡ್ಡು ಕೊಡುವುದು ದಂಡ.

ಎರಡನೆಯದು, ಯಾವುದಕ್ಕೆ ಅನ್ವಯಿಸುವುದಿಲ್ಲ ಎಂಬ ಪಟ್ಟಿ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟಯರ್, ಬ್ಯಾಟರಿ, ಬೆಲ್ಟ್, ಸಸ್ಪೆನ್ಷನ್ ಬುಷ್ ಎಲ್ಲವೂ 'ಸವೆತ'ದ ಲೆಕ್ಕಕ್ಕೆ ಸೇರಿ ಹೊರಗುಳಿಯುತ್ತವೆ. ಮಾಗಡಿ ರಸ್ತೆಯ ಟ್ರಾಫಿಕ್‌ನಲ್ಲಿ ನಿತ್ಯ ತೆವಳುವ ಕಾರಿಗೆ ಮೊದಲು ಬರುವ ಖರ್ಚೂ ಇವೇ! ಕೊಳ್ಳುವ ಮುಂಚೆಯೇ ಇದ್ದ ದೋಷ, ತಪ್ಪಿದ ಸರ್ವಿಸ್, ಹೊರಗೆ ಹಾಕಿಸಿದ ಸಿಎನ್‌ಜಿ ಕಿಟ್, ಬಾಡಿಗೆ ಓಡಾಟ, ತಿರುಚಿದ ಮೀಟರ್, ಇವುಗಳಲ್ಲಿ ಒಂದಿದ್ದರೂ ಕ್ಲೇಮ್ ತಿರಸ್ಕರಿಸಲು ಕಾರಣ ಸಿಕ್ಕಂತೆ. ಮಳೆಗಾಲದಲ್ಲಿ ವೃಷಭಾವತಿ ಉಕ್ಕಿ ಮೈಸೂರು ರಸ್ತೆಯ ನೀರು ಎಂಜಿನ್‌ಗೆ ನುಗ್ಗಿದರೂ ವಾರಂಟಿ ಬಾರದು. ಅದಕ್ಕೆ ವಿಮೆಯ ಜೊತೆ ಕೊಳ್ಳುವ ಎಂಜಿನ್ ಪ್ರೊಟೆಕ್ಷನ್ ಬೇಕು.

ಒಂದು ಲೆಕ್ಕ ಹಾಕೋಣ. ಊಹೆಗೆ, 4.5 ಲಕ್ಷ ರೂಪಾಯಿಯ ಎಎಂಟಿ ಕಾರು, ವಾರಂಟಿಗೆ 15,000 ರೂಪಾಯಿ. ಎಂಟನೇ ತಿಂಗಳಲ್ಲಿ ಗೇರ್ ಬೀಳುತ್ತಿಲ್ಲ, ರಿಪೇರಿ ಬಿಲ್ಲು 40,000. ಅದರಲ್ಲಿ ಗೇರ್ ಬದಲಿಸುವ ಆಕ್ಚುಯೇಟರ್‌ಗೆ 25,000, ಸವೆದ ಕ್ಲಚ್‌ಗೆ 15,000. ಆಕ್ಚುಯೇಟರ್ ಹೆಸರು ವಾರಂಟಿ ಅನ್ವಯಿಸುವ ಭಾಗಗಳ ಪಟ್ಟಿಯಲ್ಲಿದ್ದರೆ 25,000 ವಾಪಸ್, ಅಂದರೆ 10,000 ಉಳಿತಾಯ. ತಪ್ಪು ಬರೀ ಕ್ಲಚ್‌ನದಾದರೆ ಕೈಗೆ ಏನೂ ಬಾರದು. ಬಿಚ್ಚಿ ನೋಡಿದ ಕೂಲಿಯನ್ನೂ ಮಾಲೀಕರೇ ಕೊಡಬೇಕಾಗಬಹುದು. ಒಂದು ಕ್ಲೇಮ್‌ಗೆ ಗರಿಷ್ಠ ಮೊತ್ತ ಎಷ್ಟು ಎಂದೂ ಕೇಳಬೇಕು: ಅದು 20,000 ಆಗಿದ್ದರೆ ಉಳಿತಾಯ 5,000ಕ್ಕೆ ಇಳಿಯುತ್ತದೆ.

ಆದ್ದರಿಂದ ಸರ್ವಿಸ್ ದಾಖಲೆ ಸರಿಯಿರುವ, ಬಿಡಿಭಾಗ ಸುಲಭವಾಗಿ ಸಿಗುವ ಮ್ಯಾನ್ಯುಯಲ್ ಪೆಟ್ರೋಲ್ ಕಾರಿಗೆ ಬಹುಪಾಲು ಇದು ಬೇಡ. ಪರಿಚಯದ ಮೆಕ್ಯಾನಿಕ್‌ನಿಂದ ತಪಾಸಣೆ ಮಾಡಿಸಿ, ಆ ದುಡ್ಡನ್ನು ರಿಪೇರಿಗೆಂದೇ ಎತ್ತಿಡುವುದು ವಾಸಿ. ಆಟೋಮ್ಯಾಟಿಕ್ ಅಥವಾ ಟರ್ಬೊ ಡೀಸೆಲ್ ಆದರೆ, ಗೇರ್‌ಬಾಕ್ಸ್, ಟರ್ಬೊ, ಇಸಿಯು ಹೆಸರು ಹಿಡಿದು ಪಟ್ಟಿಯಲ್ಲಿದ್ದಾಗ ಮಾತ್ರ ಯೋಚಿಸಬಹುದು.

ಕೊಂಡವರು ಪ್ರತಿ ಸರ್ವಿಸ್ ಬಿಲ್ಲನ್ನೂ ಕಿಲೋಮೀಟರ್ ನಮೂದಿಸಿ ಇಟ್ಟುಕೊಳ್ಳಬೇಕು, ಒಪ್ಪಿಗೆ ಸಿಗುವ ಮೊದಲು ರಿಪೇರಿಗೆ ಕೈ ಹಾಕಿಸಬಾರದು. ಕ್ಲೇಮ್ ನಿರಾಕರಿಸಿದರೆ ಯಾವ ಷರತ್ತಿನಡಿ ಎಂದು ಬರಹದಲ್ಲೇ ಪಡೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ.