ಮಗಳ ಯುಗಾದಿ ಮುಗಿದೇ ಹೋಗಿತ್ತು

ಚೆನ್ನೈನ ಪಶ್ಚಿಮ ಮಾಂಬಲದ ನಮ್ಮ ಮನೆಯಲ್ಲಿ ಈಗ ನಾವಿಬ್ಬರೇ. ಮಗಳು ಅಮೆರಿಕದ ಸ್ಯಾನ್ ಹೋಸೆಯಲ್ಲಿ, ಮಗ ಲಂಡನ್ನಿನಲ್ಲಿ, ತಂಗಿ ಸಿಡ್ನಿಯಲ್ಲಿ. 2025ರ ಯುಗಾದಿಗೆ ಎಲ್ಲರಿಗೂ ಅವರವರ ಬೆಳಿಗ್ಗೆ ಏಳಕ್ಕೆ ಶುಭಾಶಯ ತಲುಪಲೆಂದು ಲೆಕ್ಕ ಹಾಕಿ ಕೂತೆ. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬ ಮಾರ್ಚ್ 30, ಭಾನುವಾರ. ಆ ದಿನ ನಮ್ಮ ಗಡಿಯಾರದಲ್ಲಿ ರಾತ್ರಿ ಒಂದೂವರೆಗೆ ತಂಗಿಗೆ, ಮಧ್ಯಾಹ್ನ ಹನ್ನೆರಡೂವರೆಗೆ ಮಗನಿಗೆ, ಸಂಜೆ ಏಳೂವರೆಗೆ ಮಗಳಿಗೆ ಹೋಗುವಂತೆ ಜಿಮೇಲ್‌ನಲ್ಲಿ ಮೂರು ಓಲೆ ಹಾಕಿಟ್ಟೆ.

ಸಂಜೆ ಮಗಳ ಫೋನು. "ಅಮ್ಮಾ, ನಿನ್ನೆಯೇ ಬೇವು-ಬೆಲ್ಲ ತಿಂದಾಯ್ತು. ಇವತ್ತು ಬಿದಿಗೆ!"

ಪಂಚಾಂಗ ತೆಗೆದೆ. ಸಾಮಾನ್ಯವಾಗಿ ಸೂರ್ಯೋದಯಕ್ಕೆ ಪಾಡ್ಯ ಇರುವ ದಿನ ಯುಗಾದಿ. ಅಮಾವಾಸ್ಯೆ ಮುಗಿದದ್ದು ಶನಿವಾರ ಸಂಜೆ ನಾಲ್ಕೂವರೆಯ ಹೊತ್ತಿಗೆ. ನಮಗೆ ಪಾಡ್ಯದ ಸೂರ್ಯ ಹುಟ್ಟುವುದು ಮರುದಿನವೇ. ಆದರೆ ಅದೇ ಗಳಿಗೆ ಸ್ಯಾನ್ ಹೋಸೆಯಲ್ಲಿ ಶನಿವಾರ ಬೆಳಗಿನ ಜಾವ ನಾಲ್ಕು. ಅಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ, ಅಷ್ಟರಲ್ಲಿ ಪಾಡ್ಯ ಬಂದಾಗಿತ್ತು. ಹಾಗಾಗಿ ಅವಳ ಯುಗಾದಿ ಶನಿವಾರ. ತಮಾಷೆಯೆಂದರೆ, ಲೆಕ್ಕವನ್ನೇ ಹಾಕದೆ ಭಾನುವಾರ ಬೆಳಿಗ್ಗೆ ಆರಕ್ಕೆ ಕಳಿಸಿದ್ದರೆ ಅವಳಿಗೆ ಶನಿವಾರ ಸಂಜೆ ಐದೂವರೆಗೆ, ಹಬ್ಬದ ದಿನವೇ ಸಿಗುತ್ತಿತ್ತು!

ಲಂಡನ್ನಿನದು ಬೇರೆ ಕಥೆ. ಆ ಭಾನುವಾರವೇ ಬ್ರಿಟನ್ನಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು. ಐದೂವರೆ ಗಂಟೆಯ ಅಂತರ ನಾಲ್ಕೂವರೆಗೆ ಇಳಿದಿತ್ತು. ಏಳಕ್ಕೆಂದು ಬರೆದದ್ದು ಮಗನಿಗೆ ಎಂಟಕ್ಕೆ ಸಿಕ್ಕಿತು. ಅಲ್ಲಿ ಪಾಡ್ಯ ಮುಗಿಯಲು ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತಂತೆ, ಅವನಂತೂ ನಿದ್ದೆಯಲ್ಲಿದ್ದ. ಪಕ್ಕದ ಮನೆಯ ತಮಿಳರಿಗೆ ಈ ತಾಪತ್ರಯ ಕಡಿಮೆ. ಅವರ ಪುತ್ತಾಂಡು ಸೂರ್ಯ ಮೇಷಕ್ಕೆ ಬರುವ ಲೆಕ್ಕದ್ದು, ಏಪ್ರಿಲ್ 14ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಮರುವರ್ಷ ಅಮೆರಿಕಕ್ಕೆ ಒಂದು ದಿನ ಮೊದಲೇ ಕಳಿಸೋಣವೆಂದಿದ್ದೆ. ಪುಣ್ಯಕ್ಕೆ ಮೂವರಿಗೂ ಅವರ ಊರಿನ ಪಂಚಾಂಗ ನೋಡಿ ಹೇಳಲು ಹೇಳಿದೆ. 2026ರಲ್ಲಿ ಚೆನ್ನೈ, ಲಂಡನ್, ಸ್ಯಾನ್ ಹೋಸೆ ಮೂರಕ್ಕೂ ಮಾರ್ಚ್ 19, ತಪ್ಪಿಸಿಕೊಂಡದ್ದು ಸಿಡ್ನಿ. ಅಲ್ಲಿ 19ರ ಮಧ್ಯಾಹ್ನದವರೆಗೂ ಅಮಾವಾಸ್ಯೆ, ಹಬ್ಬ 20ಕ್ಕೆ. ಎಲ್ಲರಿಗೂ ಒಂದೇ ಒಕ್ಕಣೆ ಬರೆದು, ಅದರಿಂದ "ಇಂದು" ಎಂಬ ಪದವನ್ನು ಕಿತ್ತುಹಾಕಿ, "ಪರಾಭವ ಸಂವತ್ಸರದ ಶುಭಾಶಯ" ಎಂದಷ್ಟೇ ಉಳಿಸಿದೆ. ಇಲ್ಲಿ ಒಬ್ಬಟ್ಟಿನ ಪಾತ್ರೆ ತೊಳೆದಿಟ್ಟು ಮಲಗಿದ ಮೇಲೆ, ರಾತ್ರಿ ಒಂದೂವರೆಗೆ ತಂಗಿಯ ಓಲೆ ಹೊರಟಿತು.