ಆಹ್ವಾನದ ಸ್ಕ್ರೀನ್‌ಶಾಟ್‌ನಿಂದ ಕ್ಯಾಲೆಂಡರ್‌ಗೆ

ಶ್ರೀನಿವಾಸಪುರದ ಮಾವು ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಇಂಥದ್ದೊಂದು ಆಹ್ವಾನದ ಚಿತ್ರ ಬಂತು ಎಂದಿಟ್ಟುಕೊಳ್ಳಿ: ‘10-04-2026, ಶುಕ್ರವಾರ. ನೋಂದಣಿ ಬೆ. 10.00, ತರಬೇತಿ 10.30. ಸ್ಥಳ: ಕೃಷಿ ವಿಜ್ಞಾನ ಕೇಂದ್ರ, ಟಮಕ. ಬರಲಾಗದವರಿಗೆ ಆನ್‌ಲೈನ್ ಲಿಂಕ್.’ ಚಿತ್ರದೊಳಗಿನ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಹಾಗಾಗಿ ಅಕ್ಷರಗಳನ್ನು ಚಿತ್ರದಿಂದ ಎತ್ತಬೇಕು.

ಗೂಗಲ್ ಫೋಟೋಸ್‌ನಲ್ಲಿ ಸ್ಕ್ರೀನ್‌ಶಾಟ್ ತೆರೆದು ಲೆನ್ಸ್ ಗುರುತು ಒತ್ತಿ. ಬೇಕಾದ ಸಾಲಿನ ಮೇಲೆ ಬೆರಳೆಳೆದು ಆಯ್ದು, ಕಾಪಿ ಮಾಡಿ. ಆಮೇಲೆ ಗೂಗಲ್ ಕ್ಯಾಲೆಂಡರ್‌ನಲ್ಲಿ + ಒತ್ತಿ, Event ಆರಿಸಿ.

ದಿನಾಂಕ, ಸಮಯವನ್ನು ಕೈಯಾರೆ ತುಂಬುವುದೇ ವಾಸಿ. ನಮ್ಮಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಏಪ್ರಿಲ್ 10 ಎಂದು ಹಾಕಿದರೆ ಕ್ಯಾಲೆಂಡರ್ ಶುಕ್ರವಾರ ತೋರಿಸುತ್ತದೆ. ಅದೇ ಅಕ್ಟೋಬರ್ 4 ಎಂದಾಗಿಬಿಟ್ಟರೆ ಭಾನುವಾರ ಬರುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಆಹ್ವಾನದಲ್ಲಿ ವಾರದ ಹೆಸರಿದ್ದರೆ ತಾಳೆ ನೋಡದೆ ಬಿಡಬೇಡಿ. ಹೋಗುವವರು ನೋಂದಣಿಯ 10 ಗಂಟೆಯನ್ನು, ಮನೆಯಿಂದಲೇ ಸೇರುವವರು 10.30ನ್ನು ಆರಂಭವಾಗಿ ಹಾಕಬೇಕು. ಸಂಜೆಯ ಸಭೆಯಾದರೆ AM ಇರುವಲ್ಲಿ PM ಮಾಡಿ.

Add location ಜಾಗದಲ್ಲಿ ಊರಿನ ಹೆಸರು ಸೇರಿಸಲೇಬೇಕು. ‘ಟಮಕ, ಕೋಲಾರ’ ಎಂದರೆ ಸಾಕು. ಆದರೆ ‘ಅಂಬೇಡ್ಕರ್ ಭವನ’ ಎಂದಷ್ಟೇ ಬರೆದ ಆಹ್ವಾನಗಳೂ ಬರುತ್ತವೆ. ಆ ಹೆಸರಿನ ಭವನ ಎಷ್ಟೋ ಊರುಗಳಲ್ಲಿದೆ. ಮಾಲೂರಿನದೋ ಮುಳಬಾಗಿಲಿನದೋ ಎಂದು ಕಳಿಸಿದವರನ್ನೇ ಕೇಳಿ, ಮ್ಯಾಪ್ ಮೇಲೆ ತೋರಿಸಿದ ಮೊದಲ ಹೆಸರನ್ನು ನಂಬಬೇಡಿ.

ನಿಜವಾದ ತಲೆನೋವು ಲಿಂಕಿನದು. ಗೂಗಲ್ ಮೀಟ್ ಲಿಂಕ್ ಸಾಮಾನ್ಯವಾಗಿ ಹೀಗಿರುತ್ತದೆ:

```
meet.google.com/abc-defg-hij
```

ಕೊನೆಯ ಭಾಗದಲ್ಲಿ ಮೂರು, ನಾಲ್ಕು, ಮೂರು ಅಕ್ಷರ, ಅಂಕಿ ಒಂದೂ ಇಲ್ಲ. ಲೆನ್ಸ್ ಅಲ್ಲಿ 0 ಎಂದು ಓದಿದ್ದರೆ ಅದು ಬಹುಪಾಲು o. ನಡುವಿನ ಗುಂಪಿನಲ್ಲಿ ಐದು ಅಕ್ಷರ ಬಂದಿದ್ದರೆ m ಅನ್ನು rn ಎಂದು ಓದಿರಬಹುದು. ಜೂಮ್ ಲಿಂಕಿಗೆ ಈ ಉಪಾಯ ನಡೆಯದು. ಅದರ pwd= ನಂತರದ ಉದ್ದನೆಯ ಭಾಗದಲ್ಲಿ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಎಲ್ಲ ಬೆರೆತಿರುತ್ತವೆ. ಚಿತ್ರದಲ್ಲಿ Meeting ID ಮತ್ತು Passcode ಕೊಟ್ಟಿದ್ದರೆ ಅವೆರಡನ್ನೇ ಬರೆದುಕೊಳ್ಳಿ. ಇಲ್ಲವಾದರೆ ಲಿಂಕನ್ನು ಅಕ್ಷರರೂಪದಲ್ಲಿ ಕಳಿಸಲು ಗುಂಪಿನಲ್ಲಿ ಕೇಳುವುದೇ ಸುಲಭ.

ಲಿಂಕನ್ನು ವಿವರಣೆಯ ಜಾಗದಲ್ಲಿ ಅಂಟಿಸಿ, ಸೇವ್ ಮಾಡಿ, ಅಲ್ಲಿಂದಲೇ ಒಮ್ಮೆ ಒತ್ತಿ ನೋಡಿ. ಕೋಡ್ ಸರಿಯಿಲ್ಲ ಎಂಬ ಸಂದೇಶ ಬಂದರೆ ಚಿತ್ರವನ್ನು ದೊಡ್ಡದು ಮಾಡಿ ಒಂದೊಂದೇ ಅಕ್ಷರ ಹೋಲಿಸಿ. ಸೇರುವ ಪುಟ ತೆರೆದರೆ ಹಾಗೇ ಹಿಂದೆ ಬನ್ನಿ.

ಕೊನೆಗೆ ನೋಟಿಫಿಕೇಶನ್. 30 ನಿಮಿಷ ಮುಂಚೆ ಎಂದಿದ್ದರೆ ಮನೆಯಲ್ಲಿ ಕೂತು ನೋಡುವವರಿಗೆ ಸರಿ. ಶ್ರೀನಿವಾಸಪುರದಿಂದ ಬಸ್ಸು ಹತ್ತಿ ಟಮಕ ಮುಟ್ಟಬೇಕಾದವರು ಹಿಂದಿನ ದಿನಕ್ಕೊಂದು, ಎರಡು ಗಂಟೆ ಮುಂಚೆ ಇನ್ನೊಂದು ಇಟ್ಟುಕೊಳ್ಳಲಿ.