‘ಮಾನ್ವಿ ಬಸ್ ಯಾವಾಗ್ ಬರ್ತದ?’

ಊರಿನಿಂದ ಪರದೇಶಕ್ಕೆ ಕರೆತಂದ ತಾಯಿಗೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಇದ್ದರೆ ಸಂಜೆಯ ಹೊತ್ತೇ ಹೆಚ್ಚು ಕಷ್ಟ. ಇಲ್ಲಿನ ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ. ಮಾನ್ವಿಯ ತಾಯಿಯೊಬ್ಬರು ಸೆರಗು ಹೊದ್ದು, ಚೀಲ ಹಿಡಿದು ಬಾಗಿಲ ಬಳಿ ನಿಂತಿದ್ದಾರೆ ಎಂದುಕೊಳ್ಳಿ. ‘ಮಾನ್ವಿ ಬಸ್ ಯಾವಾಗ್ ಬರ್ತದ?’ ಎನ್ನುತ್ತಾರೆ. ಉತ್ತರ ಕೇಳಿಸಿಕೊಂಡು, ಎರಡು ನಿಮಿಷದಲ್ಲಿ ಮತ್ತೆ ಅದನ್ನೇ ಕೇಳುತ್ತಾರೆ.

ಇದು ಹಟವಲ್ಲ. ಹೊಸ ಮಾತನ್ನು ನೆನಪಿನಲ್ಲಿ ಇರಿಸಿಕೊಳ್ಳುವ ಮಿದುಳಿನ ಭಾಗವೇ ಕೆಟ್ಟಿರುತ್ತದೆ. ಅವರ ಪಾಲಿಗೆ ಪ್ರತಿ ಸಲವೂ ಅದು ಮೊದಲ ಪ್ರಶ್ನೆ. ನೀವು ಕೊಟ್ಟ ಉತ್ತರ ಮರೆತರೂ ಗದರಿದ ದನಿಯ ನೋವು ಮನಸ್ಸಿನಲ್ಲಿ ಉಳಿಯುತ್ತದೆ. ಹಾಗಾಗಿ ‘ಈಗಷ್ಟೇ ಹೇಳಿದೆನಲ್ಲ’ ಎನ್ನಬೇಡಿ. ‘ಇದು ಮಾನ್ವಿ ಅಲ್ಲ, ಪರದೇಶ’ ಎಂದು ವಾದ ಹೂಡಿದರೆ ಗಾಬರಿ ಇನ್ನೂ ಹೆಚ್ಚುತ್ತದೆ.

ಹಿಂದಿನಿಂದ ಹೋಗಿ ಕೈ ಹಿಡಿಯದೆ, ಅವರಿಗೆ ಕಾಣುವಂತೆ ಎದುರಿಗೆ ಬನ್ನಿ. ಟಿವಿ ಆರಿಸಿ, ಪಕ್ಕದಲ್ಲಿ ಕುಳಿತು ನಿಧಾನವಾಗಿ, ‘ಇವತ್ತು ಬಸ್ ಇಲ್ಲವ್ವಾ. ರಾತ್ರಿ ಇಲ್ಲೇ ನಮ್ಮ ಜೊತಿ ಇರ್ತಿ’ ಎನ್ನಿ. ಸುಳ್ಳು ಹೇಳಿದಂತಾಗುವುದಿಲ್ಲ, ಧೈರ್ಯವೂ ಬರುತ್ತದೆ. ಅವರು ಮರುಮಾತಾಡುವವರೆಗೆ ಸುಮ್ಮನಿರಿ. ಆಮೇಲೆ, ‘ಮಾನ್ವಿಯಾಗ ಯಾರು ನೆನಪಾದ್ರು?’ ಎಂದು ಕೇಳಿ. ಮನೆಯಲ್ಲಿ ಮಕ್ಕಳು ಹಸಿದಿದ್ದಾರೆ, ಎಮ್ಮೆ ಹಿಂಡುವ ಹೊತ್ತಾಯಿತು ಎಂಬ ಆತಂಕ ಅಲ್ಲಿ ಹೊರಬರಬಹುದು. ಆ ಮಾತನ್ನೇ ಮುಂದುವರಿಸಿ, ಬಿಡಿಸಲು ಒಂದಿಷ್ಟು ಬೆಳ್ಳುಳ್ಳಿ ಕೈಗೆ ಕೊಡಿ. ಕೈಗೆ ಕೆಲಸ ಸಿಕ್ಕರೆ ಎಷ್ಟೋ ಸಲ ಬಸ್ಸು ಮರೆತುಹೋಗುತ್ತದೆ. ಮರೆಯದಿದ್ದರೆ, ಅದೇ ಉತ್ತರವನ್ನು ಅದೇ ದನಿಯಲ್ಲಿ ಮತ್ತೆ ಹೇಳಿ. ತೀರಿಹೋದ ಗಂಡ ಎಲ್ಲಿ ಎಂದು ಕೇಳಿದಾಗಲೂ ಸಾವಿನ ಸುದ್ದಿಯನ್ನು ಪದೇ ಪದೇ ತಿಳಿಸಬೇಡಿ. ಪ್ರತಿ ಸಲವೂ ಅವರಿಗದು ಹೊಸ ದುಃಖ.

ಎಷ್ಟೋ ವೇಳೆ ಪ್ರಶ್ನೆ ಬಸ್ಸಿನದಾದರೂ ಕಾರಣ ಬೇರೆಯೇ ಇರುತ್ತದೆ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಎಲ್ಲ ಬಾಗಿಲೂ ಒಂದೇ ಥರ ಬಿಳಿ. ಬಚ್ಚಲು ಯಾವುದೆಂದು ತಿಳಿಯದೆ, ಕೇಳಲು ನಾಚಿಕೆಯಾಗಿ ಚಡಪಡಿಸುತ್ತಾರೆ. ಆ ಬಾಗಿಲು ತೆರೆದಿಟ್ಟು ದೀಪ ಹಾಕಿ. ಉಳಿದ ಕೋಣೆಗಳಲ್ಲಿ ಕತ್ತಲಾಗುವ ಮುಂಚೆಯೇ ದೀಪ ಹಚ್ಚಿ. ಹಸಿವು, ಮಂಡಿನೋವು, ಬಿಟ್ಟುಹೋದ ಕನ್ನಡಕ ಇವನ್ನೂ ನೋಡಿ.

ಹೊಡೆಯಲು ಬಂದರೆ ಹಿಡಿದು ತಡೆಯಬೇಡಿ. ಚೂಪಾದ ವಸ್ತುಗಳನ್ನು ದೂರವಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಸಮಯ ಕೊಡಿ. ನಿಮ್ಮ ದನಿಯೇ ಏರುತ್ತಿದೆ ಎನಿಸಿದರೆ ಮನೆಯ ಇನ್ನೊಬ್ಬರನ್ನು ಕೂರಿಸಿ ಹೊರನಡೆಯಿರಿ.

ಒಂದೆರಡು ದಿನದಲ್ಲೇ ಗೊಂದಲ ಏಕಾಏಕಿ ಹೆಚ್ಚಿದರೆ, ಹಗಲೆಲ್ಲ ಮಂಕಾಗಿ ಮಲಗಿದರೆ, ಅದನ್ನು ಹಳೆಯ ಮರೆವು ಎಂದು ಬಿಡಬೇಡಿ. ಮೂತ್ರದ ಸೋಂಕು, ನೀರು ಸಾಲದಿರುವುದು, ಮಲಬದ್ಧತೆ, ಹೊಸ ಮಾತ್ರೆ ಕಾರಣವಿರಬಹುದು. ಅಂದೇ ವೈದ್ಯರಿಗೆ ತೋರಿಸಿ. ರಾಯಚೂರಿನಿಂದ ತಂದ ನಿದ್ದೆ ಮಾತ್ರೆಯನ್ನು ನೀವಾಗಿ ಕೊಡಬೇಡಿ. ಅದರಿಂದ ಗೊಂದಲವೂ ಬೀಳುವ ಅಪಾಯವೂ ಹೆಚ್ಚುತ್ತವೆ.

ದೇವದುರ್ಗದಲ್ಲೋ ರಾಯಚೂರಿನಲ್ಲೋ ತಂದೆ-ತಾಯಿಯನ್ನು ನೋಡಿಕೊಳ್ಳುತ್ತಿರುವ ಅಣ್ಣ-ತಂಗಿಯರಿಗೂ ಇದನ್ನು ಓದಿ ಹೇಳಿ. ಹಿರಿಯರ ಸಹಾಯವಾಣಿ 14567, ಮನಸ್ಸಿನ ಆರೋಗ್ಯದ ಟೆಲಿ ಮಾನಸ್ 14416. ಈ ಎರಡು ನಂಬರುಗಳನ್ನು ಅವರಿಗೆ ಇವತ್ತೇ ಕಳುಹಿಸಿ.